ಮೊಬೈಲ್ ಆ್ಯಪ್‌ನಲ್ಲಿ ಲಾಗಿನ್ ಆಗುತ್ತದೆ, ಕಂಪ್ಯೂಟರ್‌ನಲ್ಲಿ ಆಗುವುದಿಲ್ಲ: ಕುಕೀ ತಡೆಯ ತೊಂದರೆ ಮತ್ತು ಪರಿಹಾರ

ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು, ಖರೀದಿ ಲೆಕ್ಕ ಎಲ್ಲವೂ ಒಂದು ಆನ್‌ಲೈನ್ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ. ಮಾಲೀಕರ ಮೊಬೈಲ್‌ನಲ್ಲಿ ಅದರ ಆ್ಯಪ್ ಇದೆ, ಅಂಗಡಿಯ ಕಂಪ್ಯೂಟರ್‌ನಲ್ಲಿ ಅದನ್ನೇ ಕ್ರೋಮ್ ಬ್ರೌಸರ್ ಮೂಲಕ ತೆರೆಯುತ್ತಾರೆ. ತಿಂಗಳ 20ನೇ ತಾರೀಖು ಜಿಎಸ್‌ಟಿಆರ್-3ಬಿ ಸಲ್ಲಿಸುವ ದಿನ. 18ರ ಬೆಳಿಗ್ಗೆ ಆಡಿಟರ್ ಕಚೇರಿಯವರು ಖರೀದಿ ಪಟ್ಟಿಯ ಎಕ್ಸೆಲ್ ಫೈಲ್ ಕೇಳಿದರು. ಆ ಫೈಲ್ ಇಳಿಸಿಕೊಳ್ಳುವ ಸೌಲಭ್ಯ ಆ್ಯಪ್‌ನಲ್ಲಿ ಇಲ್ಲ, ವೆಬ್‌ನಲ್ಲಿ ಮಾತ್ರ ಇದೆ. ಆದರೆ ಕಂಪ್ಯೂಟರ್‌ನಲ್ಲಿ ಹೆಸರು, ಪಾಸ್‌ವರ್ಡ್ ಹಾಕಿ ಒತ್ತಿದರೆ ಪುಟ ಒಂದು ಸುತ್ತು ತಿರುಗಿ ಮತ್ತೆ ಅದೇ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತಿತ್ತು. ತಪ್ಪು ಎಂದು ಒಂದು ಮಾತೂ ತೋರಿಸುತ್ತಿರಲಿಲ್ಲ.

ಮಾಲೀಕರು ಪಾಸ್‌ವರ್ಡ್ ಮರೆತಿರಬಹುದೆಂದು ಹೊಸದನ್ನು ಮಾಡಿಕೊಂಡರು. ಕಂಪ್ಯೂಟರ್‌ನಲ್ಲಿ ಫಲ ಅದೇ. ಅಷ್ಟೇ ಅಲ್ಲ, ಪಾಸ್‌ವರ್ಡ್ ಬದಲಾದ ಕಾರಣ ಸರಿಯಾಗಿದ್ದ ಮೊಬೈಲ್ ಆ್ಯಪ್ ಕೂಡ ಹೊರಗೆ ಬಿತ್ತು. ಕೌಂಟರ್‌ನಲ್ಲಿ ಗಿರಾಕಿ ನಿಂತಿರುವಾಗ ಒಟಿಪಿಗಾಗಿ ಕಾಯಬೇಕಾಯಿತು. ಈ ತೊಂದರೆಯಲ್ಲಿ ಬಹಳ ಜನ ಮಾಡುವ ಮೊದಲ ತಪ್ಪೇ ಇದು. ಪಾಸ್‌ವರ್ಡ್ ತಪ್ಪಿದ್ದರೆ ಸೈಟು ಹಾಗೆಂದು ಹೇಳುತ್ತದೆ. ಅದೇ ಪಾಸ್‌ವರ್ಡ್ ಆ್ಯಪ್‌ನಲ್ಲಿ ನಡೆಯುತ್ತಿದ್ದು, ವೆಬ್‌ನಲ್ಲಿ ಮಾತಿಲ್ಲದೆ ವಾಪಸ್ ಕಳಿಸುತ್ತಿದ್ದರೆ ದೋಷ ಬಹುಮಟ್ಟಿಗೆ ಬ್ರೌಸರ್‌ನಲ್ಲಿರುತ್ತದೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ಕುಕೀ ಎಂದರೆ ಏನೆಂದು ತಿಳಿಯಬೇಕು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಒಂದು ಟೋಕನ್ ಕೊಡುತ್ತಾರೆ. ಚಪ್ಪಲಿ ಕಾಯುವವರಿಗೆ ಎಲ್ಲರ ಮುಖ ನೆನಪಿರುವುದಿಲ್ಲ, ಟೋಕನ್ ನೋಡಿ ಚಪ್ಪಲಿ ಕೊಡುತ್ತಾರೆ. ವೆಬ್‌ಸೈಟಿನ ಕಥೆಯೂ ಹಾಗೆಯೇ. ಪ್ರತಿ ಸಲ ಒಂದು ಪುಟ ಕೇಳಿದಾಗಲೂ ಅದಕ್ಕೆ ನಾವು ಹೊಸಬರೇ. ಪಾಸ್‌ವರ್ಡ್ ಸರಿ ಎಂದು ಒಪ್ಪಿದ ಮೇಲೆ ಅದು ಬ್ರೌಸರ್‌ಗೆ ಒಂದು ಸಣ್ಣ ಗುರುತಿನ ಚೀಟಿ ಕೊಡುತ್ತದೆ, ಮುಂದಿನ ಪುಟ ಕೇಳುವಾಗ ಬ್ರೌಸರ್ ಆ ಚೀಟಿಯನ್ನು ತೋರಿಸಬೇಕು. ಅದೇ ಕುಕೀ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದರು. ಬ್ರೌಸರ್ ಚೀಟಿಯನ್ನು ತೆಗೆದುಕೊಳ್ಳಲೇ ಇಲ್ಲವೆಂದರೆ, ಪಾಸ್‌ವರ್ಡ್ ಸರಿ ಇದ್ದರೂ ಮುಂದಿನ ಹೆಜ್ಜೆಯಲ್ಲಿ ಸೈಟು "ನೀವು ಯಾರು?" ಎಂದು ಮತ್ತೆ ಬಾಗಿಲಿಗೇ ಕಳಿಸುತ್ತದೆ.

ಆ್ಯಪ್‌ಗೆ ಈ ಕಷ್ಟವಿಲ್ಲ. ಅದು ತನ್ನ ಗುರುತನ್ನು ಮೊಬೈಲ್‌ನಲ್ಲಿ ತನ್ನದೇ ಜಾಗದಲ್ಲಿ ಇಟ್ಟುಕೊಳ್ಳುತ್ತದೆ, ಬ್ರೌಸರ್‌ನ ನಿಯಮ ಅಲ್ಲಿಗೆ ತಾಗುವುದಿಲ್ಲ.

ಹಾಗಾದರೆ ಬ್ರೌಸರ್ ಚೀಟಿಯನ್ನು ಏಕೆ ಬೇಡ ಎನ್ನುತ್ತದೆ? ಕುಕೀ ಎರಡು ಬಗೆ. ಮೇಲಿನ ವಿಳಾಸ ಪಟ್ಟಿಯಲ್ಲಿ ಕಾಣುವ ಸೈಟೇ ಕೊಡುವುದು ಒಂದು. ಆ ಪುಟದೊಳಗೆ ಕುಳಿತಿರುವ ಬೇರೆ ವಿಳಾಸದವರು ಕೊಡುವುದು ಇನ್ನೊಂದು, ಇದನ್ನು ಥರ್ಡ್ ಪಾರ್ಟಿ ಕುಕೀ ಎನ್ನುತ್ತಾರೆ. ಜಾಹೀರಾತು ಕಂಪನಿಗಳು ಈ ಎರಡನೆಯ ಬಗೆಯಿಂದಲೇ ಒಬ್ಬ ಮನುಷ್ಯ ಯಾವ ಯಾವ ಸೈಟಿಗೆ ಹೋದ ಎಂದು ಹಿಂಬಾಲಿಸುತ್ತವೆ. ಅದನ್ನು ನಿಲ್ಲಿಸಲು ಆ್ಯಪಲ್‌ನ ಸಫಾರಿ 2020ರ ಮಾರ್ಚ್‌ನಿಂದ ಇಂಥ ಕುಕೀಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿನ ಕುಕೀಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಕ್ರೋಮ್ ಸಾಮಾನ್ಯ ಕಿಟಕಿಯಲ್ಲಿ ತಾನಾಗಿ ತಡೆಯುವುದಿಲ್ಲ, ಬಳಸುವವರು ಸೆಟ್ಟಿಂಗ್‌ನಲ್ಲಿ ಹಾಕಿಕೊಂಡರೆ ತಡೆಯುತ್ತದೆ.

ತಡೆ ಒಳ್ಳೆಯದೇ. ಆದರೆ ಕೆಲವು ಸಾಫ್ಟ್‌ವೇರ್‌ಗಳು ಲಾಗಿನ್ ಚೌಕವನ್ನು ಬೇರೊಂದು ವಿಳಾಸದಿಂದ ತಂದು ತಮ್ಮ ಪುಟದೊಳಗೆ ಕೂರಿಸಿರುತ್ತವೆ. ಮೇಲೆ ಕಾಣುವುದು `app.example.com`, ಒಳಗಿನ ಚೌಕ ಬಂದಿರುವುದು `login.example.net` ನಿಂದ ಎಂದುಕೊಳ್ಳಿ. ಬ್ರೌಸರ್‌ನ ಕಣ್ಣಿಗೆ ಇದಕ್ಕೂ ಜಾಹೀರಾತಿನವರಿಗೂ ಭೇದವಿಲ್ಲ. ದಾವಣಗೆರೆಯ ಅಂಗಡಿಯಲ್ಲಿ ಆದದ್ದು ಇದೇ. ಹಿಂದಿನ ವಾರ ರಜೆಗೆ ಬಂದಿದ್ದ ಅಣ್ಣನ ಮಗ, ಜಾಹೀರಾತಿನ ಕಾಟ ಕಡಿಮೆಯಾಗಲಿ ಎಂದು ಕ್ರೋಮ್‌ನಲ್ಲಿ ಥರ್ಡ್ ಪಾರ್ಟಿ ಕುಕೀ ತಡೆಯನ್ನು ಹಾಕಿ ಹೋಗಿದ್ದ. ಹಳೆಯ ಲಾಗಿನ್ ಅವಧಿ ಮುಗಿಯುವವರೆಗೆ ಯಾರಿಗೂ ತಿಳಿಯಲಿಲ್ಲ.

ಪತ್ತೆ ಮಾಡಲು ಸುಲಭದ ದಾರಿ, ಅದೇ ಕಂಪ್ಯೂಟರ್‌ನಲ್ಲಿ ಬೇರೆ ಬ್ರೌಸರ್‌ನಿಂದ ಒಮ್ಮೆ ಪ್ರಯತ್ನಿಸುವುದು. ವಿಂಡೋಸ್‌ನಲ್ಲಿ ಎಡ್ಜ್ ಹೇಗೂ ಇರುತ್ತದೆ. ಅಲ್ಲಿ ಲಾಗಿನ್ ಆದರೆ ಮೊದಲಿನ ಬ್ರೌಸರ್‌ನ ಸೆಟ್ಟಿಂಗ್‌ದೇ ತಪ್ಪು. ಕೆಲವರು ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಲು ಹೇಳುತ್ತಾರೆ. ಈ ತೊಂದರೆಗೆ ಅದು ಸರಿಯಾದ ಪರೀಕ್ಷೆಯಲ್ಲ, ಏಕೆಂದರೆ ಕ್ರೋಮ್‌ನ ಇನ್‌ಕಾಗ್ನಿಟೊ ಥರ್ಡ್ ಪಾರ್ಟಿ ಕುಕೀಯನ್ನು ತಾನಾಗಿಯೇ ತಡೆಯುತ್ತದೆ. ಅಲ್ಲೂ ಆಗಲಿಲ್ಲವೆಂದು ಸೈಟೇ ಕೆಟ್ಟಿದೆ ಎಂದುಕೊಂಡವರು ಉಂಟು. ಇನ್ನು ಕೆಲವು ಸೈಟುಗಳು ಸುಮ್ಮನೆ ವಾಪಸ್ ಕಳಿಸುವ ಬದಲು `CSRF verification failed` ಅಥವಾ `419 Page Expired` ಎಂದು ತೋರಿಸುತ್ತವೆ. ನೋಡಲು ಭಯವಾದರೂ ಬಹಳ ಸಲ ಇದರ ಅರ್ಥವೂ ಅದೇ, ಚೀಟಿ ಬರಲಿಲ್ಲ ಅಥವಾ ಹಳೆಯದಾಯಿತು ಎಂದು.

ಪರಿಹಾರ ಮಾಡುವಾಗ ಎಲ್ಲ ಸೈಟಿಗೂ ಬಾಗಿಲು ತೆರೆಯಬಾರದು, ಬೇಕಾದ ಒಂದು ಸೈಟಿಗೆ ಮಾತ್ರ ಅನುಮತಿ ಕೊಡಬೇಕು. ಕ್ರೋಮ್‌ನಲ್ಲಿ ವಿಳಾಸ ಪಟ್ಟಿಯಲ್ಲಿ `chrome://settings/cookies` ಎಂದು ಟೈಪ್ ಮಾಡಿದರೆ ನೇರವಾಗಿ ಆ ಪುಟ ಬರುತ್ತದೆ. ಕೆಳಗೆ `Sites allowed to use third-party cookies` ಎಂಬ ಕಡೆ `Add` ಒತ್ತಿ, ತಾವು ತೆರೆಯುವ ಸೈಟಿನ ವಿಳಾಸವನ್ನು ಹೀಗೆ ಬರೆಯಬೇಕು:

```
[*.]example.com
```

ಮುಂದಿರುವ ಆವರಣ, ನಕ್ಷತ್ರ, ಚುಕ್ಕಿಗಳಿಂದ `app.` ಮುಂತಾದ ಉಪವಿಳಾಸಗಳೂ ಸೇರುತ್ತವೆ. ನಂತರ ಆ ಸೈಟಿನ ಎಲ್ಲ ಟ್ಯಾಬ್‌ಗಳನ್ನು ಮುಚ್ಚಿ ಹೊಸದಾಗಿ ತೆರೆಯಬೇಕು. ಹಳೆಯ ಟ್ಯಾಬ್‌ನಲ್ಲೇ ಮತ್ತೆ ಮತ್ತೆ ಒತ್ತಿದರೆ ಅದು ಹಳೆಯ ಚೀಟಿಯನ್ನೇ ಹುಡುಕುತ್ತಿರುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಇನ್ನೂ ಸುಲಭ. ಸೈಟು ತೆರೆದು ವಿಳಾಸದ ಎಡಗಡೆ ಇರುವ ಗುರಾಣಿ ಗುರುತನ್ನು ಒತ್ತಿ, ಆ ಸೈಟಿಗೆ ಮಾತ್ರ `Enhanced Tracking Protection` ಆರಿಸಿದರೆ ಸಾಕು. ಬ್ರೇವ್‌ನಲ್ಲಿ ಸಿಂಹದ ಗುರುತು ಇದೇ ಕೆಲಸ ಮಾಡುತ್ತದೆ. ಐಫೋನ್‌ನ ಸಫಾರಿಯಲ್ಲಿ ಮಾತ್ರ ಒಂದೇ ಸೈಟಿಗೆ ಬಿಡುವ ಸೌಲಭ್ಯವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಫಾರಿಯೊಳಗಿನ `Prevent Cross-Site Tracking` ಆರಿಸಿ, ಕೆಲಸ ಮುಗಿದ ಮೇಲೆ ನೆನಪಿನಿಂದ ಮತ್ತೆ ಹಾಕಬೇಕು. `Block All Cookies` ಹಾಕಿದ್ದರೆ ಯಾವ ಸೈಟಿನ ಲಾಗಿನ್ನೂ ನಿಲ್ಲುವುದು ಕಷ್ಟ.

ಇಷ್ಟಾದರೂ ಆಗದಿದ್ದರೆ ಬ್ರೌಸರ್‌ಗೆ ಸೇರಿಸಿರುವ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಅನ್ನು ಆ ಸೈಟಿಗೆ ನಿಲ್ಲಿಸಿ ನೋಡಬೇಕು. ಕಂಪ್ಯೂಟರ್‌ನ ತಾರೀಖೂ ಸರಿ ಇರಬೇಕು. ಹಳೆಯ ಯಂತ್ರದಲ್ಲಿ ತಾರೀಖು ತಪ್ಪಿ ಮುಂದಕ್ಕೆ ಹೋಗಿದ್ದರೆ, ಬಂದ ಚೀಟಿ ಬಂದ ಕ್ಷಣವೇ ಅವಧಿ ಮುಗಿದದ್ದಾಗುತ್ತದೆ. ದಿನವಿಡೀ ಸರಿ ಇದ್ದು, ಬ್ರೌಸರ್ ಮುಚ್ಚಿದ ಮೇಲೆ ಮಾರನೆಯ ದಿನ ಮತ್ತೆ ಲಾಗಿನ್ ಕೇಳುತ್ತದೆಂದರೆ ಅದು ಬೇರೆ ವಿಷಯ. ಮುಚ್ಚುವಾಗ ಕುಕೀ ಅಳಿಸುವ ಸೆಟ್ಟಿಂಗ್ ಇರುತ್ತದೆ.

ಈ ಗಡಿಬಿಡಿಯಲ್ಲಿ ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡುವುದು ಅಪಾಯ. ನಕಲಿ ನಂಬರಿನವರು ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸಿ ಒಟಿಪಿ ಓದಿಕೊಳ್ಳುತ್ತಾರೆ. ಸಾಫ್ಟ್‌ವೇರ್‌ನವರ ನಂಬರನ್ನು ಮೊಬೈಲ್ ಆ್ಯಪ್‌ನ ಒಳಗಿನಿಂದಲೇ ತೆಗೆದುಕೊಳ್ಳಬೇಕು. ಫೋನ್ ಮಾಡಿದಾಗ "ಲಾಗಿನ್ ಆಗುತ್ತಿಲ್ಲ" ಎಂದಷ್ಟೇ ಹೇಳದೆ, "ಆ್ಯಪ್‌ನಲ್ಲಿ ಆಗುತ್ತದೆ, ಕ್ರೋಮ್‌ನಲ್ಲಿ ಆಗುವುದಿಲ್ಲ, ಎಡ್ಜ್‌ನಲ್ಲಿ ಆಯಿತು" ಎಂದರೆ ಅವರೂ ಪಾಸ್‌ವರ್ಡ್ ಬದಲಿಸಿ ಎನ್ನುವುದಿಲ್ಲ.

ದಾವಣಗೆರೆಯವರು 18ರ ಸಂಜೆ ಎಡ್ಜ್‌ನಲ್ಲಿ ತೆರೆದು ನೋಡಿದರು, ಕೂಡಲೇ ಒಳಗೆ ಹೋಯಿತು. ಪಟ್ಟಿಯನ್ನು ಅಲ್ಲಿಂದಲೇ ಇಳಿಸಿ ಆಡಿಟರ್‌ಗೆ ಕಳಿಸಿದರು. ಮಾರನೆಯ ದಿನ ಕ್ರೋಮ್‌ನಲ್ಲಿ ಆ ಒಂದು ಸೈಟಿಗೆ ಅನುಮತಿ ಕೊಟ್ಟರು. ಅಣ್ಣನ ಮಗ ಹಾಕಿದ್ದ ತಡೆ ಉಳಿದ ಸೈಟುಗಳಿಗೆ ಹಾಗೆಯೇ ಇದೆ.